ವೃತ್ತದೊಳಗಿನ ಬಿಂದು: ಕೇಂದ್ರದಿಂದ ಸರಾಸರಿ ದೂರ 3 ಯಾಕಲ್ಲ, 4 ಯಾಕೆ?

ಪ್ರಶ್ನೆ (ಬಿ.ಎಸ್‌ಸಿ. ವಿದ್ಯಾರ್ಥಿ): ತ್ರಿಜ್ಯ 6 ಇರುವ ವೃತ್ತದೊಳಗೆ ಎಲ್ಲ ಕಡೆಗೂ ಸಮನಾಗಿ ಬೀಳುವಂತೆ ಬಿಂದು ಆರಿಸಬೇಕು. 0ರಿಂದ 6ರ ನಡುವೆ ದೂರ, 0ರಿಂದ 360ರ ನಡುವೆ ಕೋನ ತಗೊಂಡೆ. ಸರಾಸರಿ ದೂರ 3 ಬರ್ತಿದೆ, ಉತ್ತರ 4 ಅಂತಿದೆ. ಎಲ್ಲಿ ತಪ್ಪಿದೆ ಸರ್?

ಉತ್ತರ (ಸಂಖ್ಯಾಶಾಸ್ತ್ರ ಉಪನ್ಯಾಸಕ): ಕೋನ ಸರಿಯಾಗಿದೆ, ದೂರ ಆರಿಸಿದ್ದು ತಪ್ಪು. ನಿಮ್ಮ ಬಿಂದುಗಳಲ್ಲಿ ಅರ್ಧದಷ್ಟು 3ರೊಳಗೇ ಬೀಳುತ್ತವೆ. ಆದರೆ ತ್ರಿಜ್ಯ 3ರ ವೃತ್ತದ ವಿಸ್ತೀರ್ಣ 9π, ಇಡೀ ವೃತ್ತದ್ದು 36π. ಕಾಲು ಭಾಗದ ಜಾಗಕ್ಕೆ ಅರ್ಧ ಬಿಂದುಗಳನ್ನು ತುಂಬಿದ್ದೀರಿ. ಚುಕ್ಕಿಗಳನ್ನು ಚಿತ್ರಿಸಿ ನೋಡಿ, ನಡುವೆ ದಟ್ಟವಾಗಿ ಮುದ್ದೆಗಟ್ಟಿರುತ್ತವೆ.

ವಿಸ್ತೀರ್ಣದಿಂದಲೇ ಶುರು ಮಾಡಿ. ದೂರ r ಒಳಗೆ ಬೀಳುವ ಸಂಭವನೀಯತೆ r²/36. ಅದನ್ನು ಅವಕಲಿಸಿದರೆ ಸಾಂದ್ರತೆ f(r) = 2r/36 = r/18. ಸರಾಸರಿ ಬೇಕೆಂದರೆ r ಅನ್ನು ಇದರಿಂದ ಗುಣಿಸಿ 0ಯಿಂದ 6ರವರೆಗೆ ಅನುಕಲಿಸಿ: 6³/54 = 4. ತ್ರಿಜ್ಯ R ಆದರೆ 2R/3.

ಕೋಡ್‌ನಲ್ಲಿ ವರ್ಗಮೂಲ ಸೇರಿಸಿದರೆ ಸಾಕು:

```python
import random
R, n = 6, 10000
r = [R * random.random()**0.5 for _ in range(n)]
print(sum(r) / n)
```

ದೂರದ ಮಾನಕ ವಿಚಲನೆ √2. ಹಾಗಾಗಿ 10,000 ಬಿಂದುಗಳ ಸರಾಸರಿ ಸಾಮಾನ್ಯವಾಗಿ 3.97ರಿಂದ 4.03ರ ನಡುವೆ ಇರುತ್ತದೆ. 3.9 ಬಂದರೆ ಅದೃಷ್ಟವನ್ನು ದೂರಬೇಡಿ, ಕೋಡನ್ನೇ ಮತ್ತೆ ನೋಡಿ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ? ಅರ್ಧ ವಿಸ್ತೀರ್ಣ ಎಲ್ಲಿಗೆ ಮುಗಿಯುತ್ತೋ ಅದೇ ಸರಾಸರಿ. 6/√2, ಅಂದರೆ 4.24.

ಉಪನ್ಯಾಸಕ: ನೀವು ಹೇಳಿದ್ದು ಮಧ್ಯಾಂಕ, ಆ ಲೆಕ್ಕ ಸರಿ. ಆದರೆ ಅದರಾಚೆಯ ಬಿಂದುಗಳು ಹೆಚ್ಚೆಂದರೆ 1.76 ದೂರ ಹೋಗಬಲ್ಲವು, ಈಚೆಯವು ಕೇಂದ್ರದವರೆಗೂ ಸರಿಯಬಲ್ಲವು. ಅದಕ್ಕೇ ಸರಾಸರಿ ಕೆಳಗಿಳಿದು 4ಕ್ಕೆ ನಿಲ್ಲುತ್ತದೆ.

ವಿದ್ಯಾರ್ಥಿ: r = 0 ಇದ್ದಾಗ ಸಾಂದ್ರತೆ ಸೊನ್ನೆ. ಹಾಗಾದರೆ ಕೇಂದ್ರದ ಹತ್ತಿರ ಬಿಂದುಗಳೇ ಇರಲ್ವಾ?

ಉಪನ್ಯಾಸಕ: ಇರುತ್ತವೆ. ಒಂದು ಚದರ ಮಾನಕ್ಕೆ ಬೀಳುವ ಪಾಲು ಎಲ್ಲೆಡೆ 1/(36π), ಕೇಂದ್ರದಲ್ಲೂ ಅಷ್ಟೇ. f(r) ಹೇಳುವುದು r ದೂರದಲ್ಲಿರುವ ತೆಳು ಬಳೆಯ ಪಾಲನ್ನು. ಬಳೆಯ ಸುತ್ತಳತೆ 2πr. ಕೇಂದ್ರದ ಹತ್ತಿರ ಬಳೆಯೇ ಚಿಕ್ಕದು, ಅದಕ್ಕೆ ಸಿಗುವ ಪಾಲೂ ಚಿಕ್ಕದು.

ಮತ್ತೊಬ್ಬರು (ಡೆಲಿವರಿ ಕೆಲಸ ನೋಡಿಕೊಳ್ಳುವವರು): ನಮ್ಮ ಅಂಗಡಿ ಸುತ್ತಲೂ 6 ಕಿ.ಮೀ. ದೂರದವರೆಗೆ ಸಾಮಾನು ಕಳಿಸುತ್ತೆ. ಒಂದು ಆರ್ಡರ್‌ಗೆ ಸರಾಸರಿ 4 ಕಿ.ಮೀ. ಅಂತ ಪೆಟ್ರೋಲ್ ಲೆಕ್ಕ ಹಾಕಬಹುದಾ?

ಉಪನ್ಯಾಸಕ: ಮನೆಗಳು ಎಲ್ಲೆಡೆ ಸಮನಾಗಿ ಹರಡಿದ್ದರೆ ಮಾತ್ರ, ಅದೂ ನೇರ ಗೆರೆಯ ದೂರಕ್ಕೆ. ಅಂಗಡಿಯಿಂದ ದೂರ ಹೋದಂತೆ ಆರ್ಡರ್‌ಗಳ ದಟ್ಟಣೆ 1/r ಪ್ರಮಾಣದಲ್ಲಿ ಇಳಿದರೆ ಸರಾಸರಿ 3 ಕಿ.ಮೀ. ಆಗುತ್ತದೆ. ವಿದ್ಯಾರ್ಥಿಯ ಮೊದಲ ಕೋಡ್ ತೋರಿಸಿದ್ದು ಅದೇ ಹರಡುವಿಕೆಯನ್ನು. ನಿಮ್ಮದು ಯಾವುದಕ್ಕೆ ಹತ್ತಿರ ಎಂದು ನೋಡಲು ಒಂದು ತಿಂಗಳ ಆರ್ಡರ್‌ಗಳಲ್ಲಿ 3 ಕಿ.ಮೀ. ಒಳಗಿನವು ಎಷ್ಟು ಪಾಲು ಎಣಿಸಿ: ಕಾಲು ಭಾಗವೋ, ಅರ್ಧವೋ?

ಡೆಲಿವರಿಯವರು: ಎಣಿಸಿ ಹೇಳ್ತೀನಿ ಸರ್. ನಡುವೆ ಕೆರೆಯೂ ಇದೆ, ಸುತ್ತಿಕೊಂಡು ಹೋಗಬೇಕು. ಅದಕ್ಕೆ ಎಷ್ಟು ಸೇರಿಸೋದು?

ಉಪನ್ಯಾಸಕ: ಅದಕ್ಕೆ ಸೂತ್ರ ಸಾಲದು. ಗಾಡಿಯ ಮೀಟರ್ ಓದಿದ್ದನ್ನೂ ಜೊತೆಗೆ ಬರೆದಿಡಿ.