ಸಹಾಯ ಬೇಕು: ರಾಜಿ ಪತ್ರದಲ್ಲಿ ಬಗೆಹರಿಯದ ತಕರಾರನ್ನು ಹೇಗೆ ಬರೆಸಬೇಕು?

ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆ. ಅಪ್ಪ, ದೊಡ್ಡಪ್ಪನ ಪಾಲಿನ ದಾವೆಯನ್ನು ಕೋರ್ಟು ಮಧ್ಯಸ್ಥಿಕೆಗೆ ಕಳಿಸಿತ್ತು. 6 ಎಕರೆ ತೊಗರಿ ಹೊಲದಲ್ಲಿ ಪೂರ್ವದ 3 ದೊಡ್ಡಪ್ಪನಿಗೆ, ಪಶ್ಚಿಮದ 3 ಅಪ್ಪನಿಗೆ ಎಂದು ಒಪ್ಪಿದ್ದಾರೆ. ಬೋರ್‌ವೆಲ್ ನೀರು ದಿನ ಬಿಟ್ಟು ದಿನ. ಊರಿನ ಮನೆಯದು ಮಾತ್ರ ಬಗೆಹರಿದಿಲ್ಲ.

ಆದರೆ ಕರಡಿನ ಕೊನೆಗೆ ‘ದಾವೆಯ ಎಲ್ಲ ತಕರಾರು ತೀರಿವೆ’ ಎಂದಿದೆ. ಇದಕ್ಕೆ ಸಹಿ ಹಾಕಿದರೆ ಕೋರ್ಟು ಹಾಗೆಯೇ ಡಿಕ್ರಿ ಮಾಡುತ್ತದೆ. ಆಮೇಲೆ ಮನೆಯ ಪಾಲು ಕೇಳುವುದು ಕಷ್ಟ, ಅಲ್ವಾ? ‘ರಾಜಿ ಹೊಲದ ಮಟ್ಟಿಗೆ ಮಾತ್ರ, ಮನೆಯ ಬಗ್ಗೆ ದಾವೆ ಮುಂದುವರಿಯುತ್ತದೆ’ ಎಂದು ಬರೆಸಬೇಕು ಅಂತಿದ್ದೇವೆ. ಯಾರು ಏನು ವಾದಿಸಿದರು ಎಂಬುದು ಅದರಲ್ಲಿ ಬರಬಾರದು, ಆ ಮಾತುಕತೆ ಗುಟ್ಟಾಗಿಯೇ ಇರಬೇಕು.

ಇನ್ನೊಂದು ಚಿಂತೆ. ಸೋದರತ್ತೆಯೂ ದಾವೆಯಲ್ಲಿದ್ದಾರೆ, ಅವರ ಸಹಿಗೆ ಜಾಗವೇ ಇಲ್ಲ. ಅವರು ಒಪ್ಪದ ಹಂಚಿಕೆ ಅವರನ್ನು ಕಟ್ಟಿಹಾಕುವುದಿಲ್ಲ. ಇಂಥ ಅರ್ಧ ರಾಜಿಯ ಪತ್ರ ಯಾರ ಹತ್ತಿರವಾದರೂ ಇದ್ದರೆ, ಹೆಸರು ಅಳಿಸಿ ದಯವಿಟ್ಟು ಇಲ್ಲಿ ಹಾಕಿ.