ಐವರ ಗುಂಪು, ಮೂವರು ಸಾಕ್ಷಿಗಳು: ಅಂತಿಮ ವಾದದಲ್ಲಿ ವೈರುಧ್ಯಗಳನ್ನು ಯಾವ ಕ್ರಮದಲ್ಲಿ ಇಡಬೇಕು?

ಪ್ರಶ್ನೆ: ಜಮಖಂಡಿಯ ಕಿರಿಯ ವಕೀಲೆ

ಹಿರಿಯರಿಗೆ ನಮಸ್ಕಾರ. 2022ರಲ್ಲಿ ಕಬ್ಬಿಗೆ ನೀರು ತಿರುವುವ ವಿಷಯಕ್ಕೆ ನಡೆದ ಹೊಡೆದಾಟದ ಸೆಷನ್ಸ್ ಪ್ರಕರಣವಿದು. ಭಾ.ದಂ.ಸಂ. ಕಲಂ 143, 147, 148 ಹಾಗೂ 307 ಸಹ ಕಲಂ 149ರ ದೋಷಾರೋಪವಿದೆ. ಐವರು ಆರೋಪಿಗಳಿಗೂ ನಾನೇ ವಕೀಲೆ. ಎಲ್ಲ ಸಾಕ್ಷಿಗಳ ಪಾಟೀ ಸವಾಲು ಮುಗಿದ ಮೇಲೆ ಕಡತ ನನ್ನ ಕೈಗೆ ಬಂತು. ಪಿಡಬ್ಲ್ಯೂ-1 ಫಿರ್ಯಾದಿದಾರ, ಅಂದರೆ ಗಾಯಾಳುವಿನ ಅಣ್ಣ, ಪಿಡಬ್ಲ್ಯೂ-2 ಗಾಯಾಳು, ಪಿಡಬ್ಲ್ಯೂ-3 ಪಕ್ಕದ ಹೊಲದವರು. ವೇಳೆ, ಅಂಗಿಯ ಬಣ್ಣ, ಆಸ್ಪತ್ರೆಗೆ ಒಯ್ದವರು, ಕೊಡಲಿ ಹಿಡಿದವರು, ಯಾರ್‍ಯಾರು ಬಂದಿದ್ದರು ಎಂಬುದೆಲ್ಲದರಲ್ಲೂ ಮೂವರ ಮಾತು ಕೂಡುವುದಿಲ್ಲ. ಸಾಕ್ಷಿವಾರು ಬರೆದಿಟ್ಟ ಪಟ್ಟಿ ಉದ್ದವಾಗಿದೆ. ವಾದವನ್ನು ಚಿಕ್ಕದಾಗಿ ಮುಗಿಸಿರಿ ಎಂದು ನ್ಯಾಯಾಧೀಶರು ಹೇಳಿದ್ದಾರೆ. ಯಾವುದನ್ನು ಮೊದಲು ಹೇಳಲಿ?

ವಿಜಯಪುರದ ವಕೀಲರು

ಮೇಡಂ, ಎಲ್ಲವನ್ನೂ ಹೇಳಿರಿ, ಒಂದನ್ನೂ ಬಿಡಬೇಡಿರಿ. ಸಾಕ್ಷಿ ಒಂದು ಸಂಗತಿಯಲ್ಲಿ ಸುಳ್ಳಾಡಿದ್ದಾನೆಂದು ತೋರಿಸಿದರೆ ಅವನ ಸಾಕ್ಷ್ಯವೆಲ್ಲ ಬಿದ್ದುಹೋಗುತ್ತದೆ. ಪಟ್ಟಿ ಉದ್ದವಾದಷ್ಟೂ ಸಂಶಯ ಹೆಚ್ಚುತ್ತದೆ, ಆ ಸಂಶಯದ ಲಾಭ ಆರೋಪಿಗೆ ಸಿಗುತ್ತದೆ.

ಬಾಗಲಕೋಟೆಯ ಹಿರಿಯ ವಕೀಲರು

ಸಂಶಯದ ಲಾಭ ಆರೋಪಿಗೆ ಎಂಬುದು ಸರಿ. ಒಂದು ಸುಳ್ಳಿಗೆ ಸಾಕ್ಷ್ಯವೆಲ್ಲ ಬೀಳುತ್ತದೆ ಎಂಬ ಮಾತು ನಮ್ಮ ದೇಶದ ನ್ಯಾಯಾಲಯಗಳಲ್ಲಿ ನಡೆಯುವುದಿಲ್ಲ. ಕಾಳಿನಿಂದ ಜೊಳ್ಳನ್ನು ಬೇರ್ಪಡಿಸಿ ನೋಡುವುದು ನ್ಯಾಯಾಲಯದ ಕೆಲಸವೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅಂಗಿಯ ಬಣ್ಣದ ವೈರುಧ್ಯವನ್ನು ನೀವು ಮುಂದಿಟ್ಟರೆ ಸರ್ಕಾರಿ ಅಭಿಯೋಜಕರು 1983ರ ಭರವಾಡ ಭೋಗಿನ್‌ಭಾಯಿ ತೀರ್ಪನ್ನು ಓದಿ, ಮನುಷ್ಯನ ನೆನಪು ಚಿತ್ರ ತೆಗೆದಂತೆ ಇರುವುದಿಲ್ಲ ಎನ್ನುತ್ತಾರೆ; ಆಮೇಲೆ ನೀವು ಹೇಳುವ ಗಟ್ಟಿ ವೈರುಧ್ಯವೂ ಅದರ ಜೊತೆಗೇ ತೇಲಿಹೋಗುತ್ತದೆ.

ತಂಗಿ, ಸಾಕ್ಷಿವಾರು ಪಟ್ಟಿಯನ್ನು ಬದಿಗಿಟ್ಟು ದೋಷಾರೋಪವನ್ನು ಎದುರಿಗಿಟ್ಟುಕೊಳ್ಳಿರಿ. ಕೊಡಲಿ ಯಾರ ಕೈಯಲ್ಲಿತ್ತು ಎಂಬುದೇ ಎಲ್ಲಕ್ಕಿಂತ ದೊಡ್ಡ ವೈರುಧ್ಯವೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಲಂ 149 ನಿಂತಿರುವವರೆಗೆ ಆ ವೈರುಧ್ಯಕ್ಕೆ ಬೆಲೆಯೇ ಇಲ್ಲ. ಐವರು ಅಕ್ರಮ ಕೂಟ ಕಟ್ಟಿಕೊಂಡು ಒಂದೇ ಉದ್ದೇಶದಿಂದ ಬಂದಿದ್ದರು ಎಂದು ಸಾಬೀತಾದರೆ ಹೊಡೆದವನು ಒಂದನೆಯವನೋ ಎರಡನೆಯವನೋ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಒಬ್ಬನ ಕೃತ್ಯಕ್ಕೆ ಐವರೂ ಹೊಣೆ. ಆದ್ದರಿಂದ ನಿಮ್ಮ ವಾದದ ಮೊದಲ ಗುರಿ ಸಂಖ್ಯೆ. ನಾಲ್ಕನೆಯ ಮತ್ತು ಐದನೆಯ ಆರೋಪಿಗಳು ಅಲ್ಲಿದ್ದರೇ ಎಂಬುದರ ಬಗ್ಗೆ ಮೂವರೂ ಏನೇನು ಹೇಳಿದ್ದಾರೆ, ಅದನ್ನಷ್ಟು ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು

ಸರ್, ಫಿರ್ಯಾದಿಯಲ್ಲಿ, ಅಂದರೆ ನಿಶಾನೆ ಪಿ-1ರಲ್ಲಿ, ಮೂವರ ಹೆಸರು ಮಾತ್ರ ಇದೆ. ಮೂವರೂ ಏನೇನು ಮಾಡಿದರೆಂದು ಬಿಡಿಸಿ ಬರೆದಿದೆ. ‘ಇತರರು’ ಎಂಬ ಮಾತು ಎಲ್ಲಿಯೂ ಇಲ್ಲ. ನಾಲ್ಕು ಮತ್ತು ಐದನೆಯವರ ಹೆಸರು ಬಂದದ್ದು ಫಿರ್ಯಾದಿದಾರನ ಪುರವಣಿ ಹೇಳಿಕೆಯಲ್ಲಿ. ಗಾಯಾಳು ಪೊಲೀಸರ ಮುಂದೆ ನಾಲ್ವರನ್ನು ಹೇಳಿ, ನ್ಯಾಯಾಲಯದಲ್ಲಿ ಐವರನ್ನೂ ಹೇಳಿದ್ದಾನೆ. ಪಿಡಬ್ಲ್ಯೂ-3 ಮಾತ್ರ, ನಾಲ್ಕು ಮತ್ತು ಐದನೆಯವರು ಗದ್ದಲ ಕೇಳಿ ನನ್ನ ಹಿಂದೆಯೇ ಓಡಿ ಬಂದರು ಎಂದು ಪಾಟೀ ಸವಾಲಿನಲ್ಲಿ ಒಪ್ಪಿದ್ದಾರೆ. ಅವರನ್ನು ಅಭಿಯೋಜಕರು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿಲ್ಲ.

ಬಾಗಲಕೋಟೆಯ ಹಿರಿಯ ವಕೀಲರು

ಹಾಗಿದ್ದರೆ ನಿಮ್ಮ ವಾದ ಪಿಡಬ್ಲ್ಯೂ-3ರಿಂದಲೇ ಶುರುವಾಗಲಿ, ಫಿರ್ಯಾದಿದಾರನಿಂದಲ್ಲ. ತಮ್ಮದೇ ಸಾಕ್ಷಿಯನ್ನು ಪ್ರತಿಕೂಲವೆಂದು ಘೋಷಿಸಿ ಪ್ರಶ್ನಿಸದೆ ಬಿಟ್ಟ ಮೇಲೆ, ಅವನು ಹೇಳಿದ್ದನ್ನು ಆರೋಪಿ ಆಧಾರವಾಗಿ ಹಿಡಿಯಬಹುದು. 2005ರ ರಾಜಾರಾಂ ವಿರುದ್ಧ ರಾಜಸ್ಥಾನ ರಾಜ್ಯ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಇವರಿಬ್ಬರೂ ಗದ್ದಲ ಕೇಳಿ ಆಮೇಲೆ ಬಂದವರು ಎಂಬುದು ಅಭಿಯೋಜನೆಯ ಸಾಕ್ಷಿಯ ಬಾಯಿಂದಲೇ ಬಂದ ಮಾತು. ಅದನ್ನು ಮೊದಲು ಓದಿ, ಅದರ ಕೆಳಗೆ ನಿಶಾನೆ ಪಿ-1ನ್ನು ಓದಿರಿ. ಎಫ್‌ಐಆರ್ ವಿಶ್ವಕೋಶವಲ್ಲ ಎಂಬ ಉತ್ತರ ಖಂಡಿತ ಬರುತ್ತದೆ. ಕಣ್ಣಾರೆ ಕಂಡೆನೆನ್ನುವ ಅಣ್ಣ, ಹುಟ್ಟಿದಾಗಿನಿಂದ ಬಲ್ಲ ಬಾಜೂ ಹೊಲದವರಲ್ಲಿ ಮೂವರ ಕೈಯಲ್ಲಿ ಏನಿತ್ತೆಂಬುದನ್ನೂ ಬರೆಸಿ, ಇಬ್ಬರನ್ನು ಮಾತ್ರ ಪೂರ್ತಿ ಮರೆತನೆಂದರೆ ಅದನ್ನು ಸಣ್ಣ ವಿವರ ಬಿಟ್ಟುಹೋದದ್ದೆನ್ನಲು ಬರುವುದಿಲ್ಲ ಎಂದು ಆಗ ಹೇಳಬೇಕು.

ಗಾಯಾಳುವಿನ ವಿಷಯದಲ್ಲಿ ಮೆಲ್ಲಗೆ ಹೆಜ್ಜೆಯಿಡಿರಿ. ಗಾಯಗೊಂಡವನ ಸಾಕ್ಷ್ಯಕ್ಕೆ ನ್ಯಾಯಾಲಯ ಹೆಚ್ಚಿನ ತೂಕ ಕೊಡುತ್ತದೆ. ಅವನು ಅಲ್ಲಿರಲಿಲ್ಲ ಎನ್ನಲಾಗದು. ಅವನು ಪೆಟ್ಟು ತಿಂದದ್ದನ್ನು ನಾವು ಅಲ್ಲಗಳೆಯುತ್ತಿಲ್ಲ, ಐದನೆಯವನ ಹೆಸರು ಮಾತ್ರ ನ್ಯಾಯಾಲಯದಲ್ಲಿ ಮೊದಲ ಬಾರಿಗೆ ಬಂದಿದೆ ಎಂದಷ್ಟೇ ಹೇಳಿರಿ. ನಾಲ್ಕನೆಯವನನ್ನು ಅವನು ಮೊದಲಿನಿಂದಲೂ ಹೇಳಿದ್ದಾನೆ. ಅಲ್ಲಿ ಪಿಡಬ್ಲ್ಯೂ-3ರ ಮಾತಿಗೂ ಅವನ ಮಾತಿಗೂ ನೇರ ಎದುರಾಟ ಬರುವುದರಿಂದ ಅದು ದುರ್ಬಲ ಜಾಗವೆಂದು ತಿಳಿದೇ ವಾದಿಸಿರಿ. ಆದರೆ ಐದನೆಯವನೊಬ್ಬನ ಹಾಜರಿ ಸಂಶಯಾಸ್ಪದವಾದರೂ ಸಾಕು. ಹೆಸರಿಟ್ಟ ಐವರೇ ಕೂಟವೆಂದು ದೋಷಾರೋಪವಿದ್ದು, ಗುರುತು ಸಿಗದ ಬೇರೆಯವರಿದ್ದರು ಎಂಬ ಮಾತೇ ಇಲ್ಲದಿದ್ದಾಗ, ಸಂಖ್ಯೆ ಐದಕ್ಕಿಂತ ಕೆಳಗಿಳಿದರೆ 149 ಮಾತ್ರವಲ್ಲ, 143, 147, 148 ಕೂಡ ಅದರ ಜೊತೆಗೇ ಹೋಗುತ್ತವೆ. 1963ರಲ್ಲಿ ವರದಿಯಾದ ಮೋಹನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ತೀರ್ಪನ್ನು ಕೈಯಲ್ಲಿಟ್ಟುಕೊಳ್ಳಿರಿ. ಅಭಿಯೋಜಕರು ಆಗ ಕಲಂ 34ನ್ನು ಹಿಡಿಯುತ್ತಾರೆ. ಕೊಡಲಿ ಯಾರ ಕೈಯಲ್ಲಿತ್ತು, ಕೈ ಹಿಡಿದವರು ಯಾರು ಎಂಬ ವೈರುಧ್ಯಗಳಿಗೆ ಜೀವ ಬರುವುದು ಆ ಹಂತದಲ್ಲಿ.

ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್, ವಿಜಯಪುರ

ತನಿಖೆ ಮಾಡಿದವನಾಗಿ ಒಂದು ಮಾತು. ವಕೀಲರು ‘ಸಾಕ್ಷಿ ಪೊಲೀಸರ ಮುಂದೆ ಹೀಗೆ ಹೇಳಿಲ್ಲ’ ಎಂದು ಹೇಳಿಕೆಯ ಪ್ರತಿಯನ್ನು ಹಿಡಿದು ವಾದಿಸುವುದನ್ನು ಬಹಳ ಕಂಡಿದ್ದೇನೆ. 161ರ ಹೇಳಿಕೆ ತಾನಾಗಿ ಸಾಕ್ಷ್ಯವಾಗುವುದಿಲ್ಲ. ಸಾಕ್ಷಿಗೆ ಆ ಭಾಗವನ್ನು ತೋರಿಸಿ ಕೇಳಿರಬೇಕು, ಅವನು ಅಲ್ಲಗಳೆದರೆ ನಮ್ಮನ್ನು ಕೇಳಿರಬೇಕು. ನಾವು ‘ಹೌದು, ಹಾಗೆ ಹೇಳಿದ್ದಾನೆ’ ಎಂದ ಮೇಲೆ ಆ ಸಾಲುಗಳಿಗೆ ಡಿ ನಿಶಾನೆ ಬೀಳುತ್ತದೆ. ಹೇಳಿಕೆಯಲ್ಲಿ ಇಲ್ಲದ ಸಂಗತಿಯಾದರೆ ಗುರುತಿಸಲು ಸಾಲೇ ಇರುವುದಿಲ್ಲ. ‘ಹಾಗೆ ಹೇಳಿಲ್ಲ’ ಎಂದು ನಾವು ಕೊಟ್ಟ ಉತ್ತರವೇ ಆಧಾರ.

ಇಂಡಿ ತಾಲೂಕಿನ ರೈತರು

ನಮ್ಮ ಬದುವಿನ ತಂಟೆಯ ಕೇಸಿನಲ್ಲಿ ಪಂಚರಿಬ್ಬರೂ ತಿರುಗಿಬಿದ್ದಿದ್ದಾರೆ. ಪಂಚನಾಮೆಯೇ ಹೋಯಿತೆಂದರೆ ನಾವು ಬಿಡುಗಡೆ ಆದಂತೆಯೇ ಅಲ್ಲವೇ?

ಬಾಗಲಕೋಟೆಯ ಹಿರಿಯ ವಕೀಲರು

ಗೌಡರೇ, ಹಾಗೆ ಆಗಬೇಕೆಂದೇನಿಲ್ಲ. ಪಂಚರು ತಿರುಗಿದರೂ ತನಿಖಾಧಿಕಾರಿಯ ಸಾಕ್ಷ್ಯ ನಂಬುವಂತಿದ್ದರೆ ಜಪ್ತಿಯನ್ನು ಒಪ್ಪಬಹುದು. ನಿಮ್ಮ ವಕೀಲರಿಗೆ ಕಾಗದ ತೋರಿಸಿ ಕೇಳಿರಿ.

ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದ್ದು ಬಹಳ ಮುಖ್ಯ. 1959ರ ತಹಸೀಲ್ದಾರ್ ಸಿಂಗ್ ತೀರ್ಪಿನ ನಂತರ ಇದರಲ್ಲಿ ಎರಡನೆಯ ಮಾತಿಲ್ಲ. ನಿಶಾನೆ ಪಿ-1ರ ಸ್ಥಿತಿ ಮಾತ್ರ ಬೇರೆ: ಅದು ಫಿರ್ಯಾದಿದಾರನೇ ಸಹಿ ಒಪ್ಪಿ ಗುರುತಿಸಿದ ಕಾಗದ. ಅದನ್ನು ತೋರಿಸಿ ಅವನನ್ನೇ ಕೇಳಿದ್ದರೆ ಸಾಕು, ತನಿಖಾಧಿಕಾರಿಯ ಹಂಗಿಲ್ಲ. ಪಿಡಬ್ಲ್ಯೂ-1 ಮತ್ತು ಪಿಡಬ್ಲ್ಯೂ-3 ನ್ಯಾಯಾಲಯದಲ್ಲೇ ಒಬ್ಬರಿಗೊಬ್ಬರು ವಿರುದ್ಧ ಹೇಳಿದ್ದಕ್ಕೂ ಈ ವಿಧಿ ಬೇಕಿಲ್ಲ. ಎರಡೂ ಪ್ರಮಾಣ ಮಾಡಿ ಹೇಳಿದ ಮಾತು, ಓದಿದರೆ ಸಾಕು. ಗಾಯಾಳುವಿನ ಹೇಳಿಕೆಯ ವಿಷಯದಲ್ಲಿ ತನಿಖಾಧಿಕಾರಿಯ ಉತ್ತರ ಇದೆಯೇ?

ಪ್ರಶ್ನೆ ಕೇಳಿದವರು

ಐದನೆಯವನ ಹೆಸರನ್ನು ಗಾಯಾಳು ಹೇಳಿರಲಿಲ್ಲ ಎಂದು ತನಿಖಾಧಿಕಾರಿ ಒಪ್ಪಿದ್ದಾರೆ. ಆದರೆ ಕೊಡಲಿಯ ಹಿಂಬದಿಯಿಂದ ಹೊಡೆದರು ಎಂದು ಗಾಯಾಳು ಮೊದಲು ಹೇಳಿದ್ದನ್ನು ಅವರಿಗೆ ಕೇಳಿಯೇ ಇಲ್ಲ. ನ್ಯಾಯಾಲಯದಲ್ಲಿ ಅವನು ಅಲಗಿನಿಂದ ಎಂದಿದ್ದಾನೆ. ವೈದ್ಯರ ಪ್ರಕಾರ ತಲೆಯ ಮೇಲೆ 4 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಹರಿದ ಗಾಯ, ಮೂಳೆ ಮುರಿದಿಲ್ಲ, ಸಾದಾ ಗಾಯ.

ಬಾಗಲಕೋಟೆಯ ಹಿರಿಯ ವಕೀಲರು

ಹಾಗಾದರೆ ‘ಹಿಂಬದಿ’ ಎಂಬ ಆ ಹೇಳಿಕೆಯನ್ನು ವಾದದಲ್ಲಿ ಎತ್ತಬೇಡಿರಿ. ಸಾಬೀತಾಗದ ವೈರುಧ್ಯವನ್ನು ಓದಲು ಹೋದರೆ ಅಭಿಯೋಜಕರು ಎದ್ದು ನಿಲ್ಲುತ್ತಾರೆ, ಮಾತಿನ ಓಟ ಅಲ್ಲಿಗೇ ಮುರಿಯುತ್ತದೆ. ಕಲಂ 311ರ ಅಡಿ ತನಿಖಾಧಿಕಾರಿಯನ್ನು ಮರಳಿ ಕರೆಸಲು ಅರ್ಜಿ ಹಾಕಬಹುದು, ಆದರೆ ಈ ಹಂತದಲ್ಲಿ ಸಿಗುತ್ತದೆಂಬ ಖಾತ್ರಿಯಿಲ್ಲ, ಅಭಿಯೋಜಕರಿಗೂ ತಮ್ಮ ಲೋಪ ಮುಚ್ಚಿಕೊಳ್ಳುವ ದಾರಿ ತೆರೆಯುತ್ತದೆ. ನಿಮಗೆ ವೈದ್ಯರೇ ಸಾಕು. ಅಲಗಿನ ಪೆಟ್ಟು ಎಂದು ಗಾಯಾಳು, ಹರಿದ ಗಾಯ ಎಂದು ವೈದ್ಯರು. ಇಷ್ಟಕ್ಕೇ ಘಟನೆ ನಡೆದಿಲ್ಲ ಎನ್ನಬೇಡಿರಿ. ವೈದ್ಯಕೀಯ ಸಾಕ್ಷ್ಯ ಕಣ್ಣಾರೆ ಕಂಡವರ ಮಾತನ್ನು ಪೂರ್ತಿ ಅಸಾಧ್ಯವಾಗಿಸದ ಹೊರತು ಕಂಡವರ ಮಾತೇ ನಿಲ್ಲುತ್ತದೆ. ಮೊಂಡು ಕೊಡಲಿಯ ಅಲಗು ಬಿದ್ದರೂ ಗಾಯದ ಅಂಚು ಜಜ್ಜಿರಬಹುದು ಎಂಬ ಉತ್ತರವೂ ಇದೆ. ಆದ್ದರಿಂದ ಮುದ್ದೆಮಾಲಿನ ಕೊಡಲಿಯನ್ನು ವೈದ್ಯರಿಗೆ ತೋರಿಸಿ ಅಭಿಪ್ರಾಯ ಕೇಳಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿರಿ. ಈ ಸಂಗತಿಯನ್ನು ಕೊಲ್ಲುವ ಉದ್ದೇಶವಿತ್ತೇ ಎಂಬ ಒಂದೇ ಪ್ರಶ್ನೆಗೆ ಕಟ್ಟಿರಿ: ಕೈ ಹಿಡಿದಿದ್ದರು ಎನ್ನುತ್ತಾರೆ, ಕೊಡಲಿ ಇತ್ತು ಎನ್ನುತ್ತಾರೆ, ತಡೆಯುವವರಿರಲಿಲ್ಲ ಎನ್ನುತ್ತಾರೆ, ಆದರೂ ಬಿದ್ದದ್ದು ಒಂದೇ ಪೆಟ್ಟು, ಅದೂ ಸಾದಾ ಗಾಯ. 307ಕ್ಕೆ ಗಾಯ ಪ್ರಾಣಾಂತಿಕವಾಗಿರಲೇಬೇಕೆಂದಿಲ್ಲ ಎಂಬುದು ನೆನಪಿರಲಿ. ಗಾಯದ ಗಾತ್ರ ಉದ್ದೇಶವನ್ನು ಅಳೆಯುವ ಒಂದು ಗುರುತು ಮಾತ್ರ.

ಒಂದು ಹಾಳೆ ಮಾಡಿಕೊಳ್ಳಿರಿ. ಎಡಕ್ಕೆ ಸಂಗತಿ, ಅದರ ಮುಂದೆ ಯಾವ ಸಾಕ್ಷಿ, ಎಷ್ಟನೆಯ ಪ್ಯಾರಾ, ಕೊನೆಯಲ್ಲಿ ನಿಶಾನೆ ಅಥವಾ ತನಿಖಾಧಿಕಾರಿಯ ಉತ್ತರದ ಪ್ಯಾರಾ. ಕೊನೆಯ ಅಂಕಣ ಖಾಲಿ ಉಳಿದ 161ರ ವೈರುಧ್ಯವನ್ನು ಹೊಡೆದುಹಾಕಿರಿ. ಓದುವಾಗ ಸಾಕ್ಷಿಯ ಸಾಲುಗಳನ್ನು ಇದ್ದಂತೆಯೇ ಓದಿರಿ, ನಿಮ್ಮ ಮಾತಿನಲ್ಲಿ ತಿರುಗಿಸಿ ಹೇಳಬೇಡಿರಿ. ಅದೇ ಕ್ರಮದ ಲಿಖಿತ ವಾದವನ್ನು ಮೌಖಿಕ ವಾದ ಮುಗಿಯುವ ಮುಂಚೆ ಕೊಟ್ಟು, ಎದುರಿನವರಿಗೂ ಪ್ರತಿ ಮುಟ್ಟಿಸಿರಿ. ಕಲಂ 314 ಹಾಗೆಂದೇ ಹೇಳುತ್ತದೆ.

ಬೆಳಗಾವಿಯ ಹಿರಿಯ ವಕೀಲೆ

ಒಂದು ಎಚ್ಚರಿಕೆ, ಒಂದು ಭಿನ್ನಾಭಿಪ್ರಾಯ. ಕೊಡಲಿ ಒಂದನೆಯವನ ಕೈಯಲ್ಲಿತ್ತೆಂದು ಪಿಡಬ್ಲ್ಯೂ-1, ಎರಡನೆಯವನ ಕೈಯಲ್ಲಿತ್ತೆಂದು ಪಿಡಬ್ಲ್ಯೂ-3 ಹೇಳಿದ್ದರೆ, ಇಬ್ಬರಿಗೂ ನೀವೊಬ್ಬರೇ ವಕೀಲರಾಗಿರುವಾಗ ‘ಪಿಡಬ್ಲ್ಯೂ-3 ಹೇಳಿದ್ದೇ ನಿಜ’ ಎಂದು ವಾದಿಸಿದರೆ ಎರಡನೆಯವನ ತಲೆಯ ಮೇಲೆ ಕಲ್ಲು ಹಾಕಿದಂತಾಗುತ್ತದೆ. ಸಂಖ್ಯೆಯ ವಿಷಯದಲ್ಲಿ ಅವನನ್ನು ನಂಬಿರೆಂದು ಹೇಳಿ, ಕೊಡಲಿಯ ವಿಷಯದಲ್ಲಿ ಇಬ್ಬರನ್ನೂ ನಂಬಲಾಗದು ಎನ್ನುವುದು ಸುಲಭವಲ್ಲ. ಸಾಧ್ಯವಿದ್ದರೆ ಅವರಿಬ್ಬರಲ್ಲಿ ಒಬ್ಬರಿಗೆ ಈಗಲೇ ಬೇರೆ ವಕೀಲರನ್ನು ನೋಡಿಕೊಳ್ಳಲು ಹೇಳಿರಿ.

ಭಿನ್ನಾಭಿಪ್ರಾಯ ಉದ್ದೇಶದ ವಾದದ ಬಗ್ಗೆ. ‘307 ಅಲ್ಲ, ಹೆಚ್ಚೆಂದರೆ 324’ ಎಂದು ನಾವೇ ಹೇಳಿದರೆ ಪೆಟ್ಟು ಹಾಕಿದ್ದನ್ನು ಒಪ್ಪಿಕೊಂಡಂತೆ ಕೇಳಿಸುತ್ತದೆ. ನಾನಾದರೆ ಪೂರ್ಣ ಬಿಡುಗಡೆಯ ವಾದದಲ್ಲೇ ನಿಲ್ಲುತ್ತೇನೆ.

ಬಾಗಲಕೋಟೆಯ ಹಿರಿಯ ವಕೀಲರು

ಎಚ್ಚರಿಕೆಯನ್ನು ಪೂರ್ತಿ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಗಾಯಾಳು ನಂಬುವಂತಿದ್ದಾನೆಂದು ನ್ಯಾಯಾಧೀಶರಿಗೆ ಅನ್ನಿಸಿಬಿಟ್ಟರೆ, ಪರ್ಯಾಯ ವಾದವಿಲ್ಲದೆ 307ರಲ್ಲೇ ಶಿಕ್ಷೆಯಾದೀತು. ಬಿಡುಗಡೆಯ ವಾದ ಮುಗಿದ ಮೇಲೆ, ‘ಅಭಿಯೋಜನೆಯ ಸಾಕ್ಷ್ಯವನ್ನು ಹಾಗೆಯೇ ಒಪ್ಪಿದರೂ’ ಎಂಬ ಷರತ್ತಿನೊಡನೆ ಅದನ್ನು ಲಿಖಿತ ವಾದದ ಕೊನೆಯಲ್ಲಾದರೂ ಇಡಬೇಕೆಂಬುದು ನನ್ನ ನಿಲುವು.

ಪ್ರಶ್ನೆ ಕೇಳಿದವರು

ಕಡತ ತೆಗೆದು ನೋಡಿದೆ ಸರ್. ಕೊಡಲಿಯನ್ನು ವೈದ್ಯರಿಗೆ ತೋರಿಸಿಲ್ಲ. ಎರಡನೆಯ ಆರೋಪಿಯ ಮನೆಯವರನ್ನು ನಾಳೆ ಕಚೇರಿಗೆ ಬರಹೇಳಿದ್ದೇನೆ. ಪರ್ಯಾಯ ವಾದ ಇಡಬೇಕೋ ಬೇಡವೋ ಎಂಬುದನ್ನು ಕಕ್ಷಿದಾರರೆಲ್ಲರೊಡನೆ ಕುಳಿತು ಮಾತನಾಡಿಯೇ ತೀರ್ಮಾನಿಸುತ್ತೇನೆ.