ಮಂಡಿ ನೋವಿನ ಪುಡಿ: ಡಬ್ಬಿಯ ಮೇಲಿರೋದನ್ನು ಎಷ್ಟು ನಂಬಬಹುದು?

ಪ್ರಶ್ನೆ (ಮೈಸೂರಿನಿಂದ): ಅಮ್ಮನಿಗೆ 68. ಫೋನಿನಲ್ಲಿ ಜಾಹೀರಾತು ನೋಡಿ ಮಂಡಿ ನೋವಿಗೆ ಒಂದು ಪುಡಿ ತರಿಸಿಕೊಂಡಿದ್ದಾರೆ. ಎರಡು ಮೂರು ದಿನದಲ್ಲೇ ನೋವು ಮಾಯ, ಖುಷಿಯಾಗಿದ್ದಾರೆ. ಡಬ್ಬಿಯ ಮೇಲೆ '100% ಆಯುರ್ವೇದಿಕ್', 'ಜಿಎಂಪಿ ಸರ್ಟಿಫೈಡ್' ಅಂತ ಇದೆ. ಎಫ್‌ಎಸ್‌ಎಸ್‌ಎಐ ನಂಬರೂ ಇದೆ. ಅಸಲಿ ಔಷಧಿ ಹೌದೋ ಅಲ್ಲವೋ ಅಂತ ತಿಳಿಯೋದು ಹೇಗೆ? ಅನುಭವ ಇರುವವರು ಹೇಳಿ.

ತುಮಕೂರಿನವರೊಬ್ಬರು: ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅರ್ಧ ಚಿಂತೆ ಬಿಡಿ ಅಕ್ಕ. 14 ಅಂಕಿ ಇರಬೇಕು. foscos.fssai.gov.in ಗೆ ಹೋಗಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ನಾನು ಜೇನುತುಪ್ಪ, ತುಪ್ಪ ಎಲ್ಲ ಹಾಗೇ ನೋಡಿ ತಗೊಳ್ಳೋದು. ನಂಬರ್ ಸರಿ ಇದ್ದರೆ ಸರ್ಕಾರದವರು ನೋಡಿದ್ದಾರೆ ಅಂತಲೇ ಅರ್ಥ.

ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿದ್ದು ನಿವೃತ್ತರಾದವರು, ಬೆಂಗಳೂರು: ನಂಬರ್ ಹೀಗೆ ಚೆಕ್ ಮಾಡೋದು ಒಳ್ಳೆಯ ಅಭ್ಯಾಸವೇ. ಆದರೆ ಅದು ಆಹಾರದ ಲೈಸೆನ್ಸ್. ಉಪ್ಪಿನಕಾಯಿಗೂ ಅದೇ, ಸಾಂಬಾರ್ ಪುಡಿಗೂ ಅದೇ. ಆಯುರ್ವೇದ ಔಷಧಿ ಅಂತ ಮಾರಬೇಕಾದರೆ 1940ರ ಔಷಧಿ ಕಾಯ್ದೆಯ ಕೆಳಗೆ ರಾಜ್ಯದ ಲೈಸೆನ್ಸಿಂಗ್ ಅಧಿಕಾರಿ ಕೊಟ್ಟ ತಯಾರಿಕಾ ಲೈಸೆನ್ಸ್ ಬೇಕು, ಆ ನಂಬರ್ ಲೇಬಲ್ ಮೇಲೆ ಇರಬೇಕು. ಆಹಾರದ ಲೈಸೆನ್ಸ್ ಇಟ್ಟುಕೊಂಡು 'ಮಂಡಿ ನೋವು ವಾಸಿ' ಅನ್ನುವ ಹಾಗೇ ಇಲ್ಲ.

ಮೇಡಂ, ಡಬ್ಬಿ ತಿರುಗಿಸಿ ನಾಲ್ಕು ವಿಷಯ ನೋಡಿ ಹೇಳಿ. 'ಆಯುರ್ವೇದಿಕ್ ಮೆಡಿಸಿನ್' ಅನ್ನೋ ಪದ ಇದೆಯಾ? ತಯಾರಿಕಾ ಲೈಸೆನ್ಸ್ ನಂಬರ್ ಏನಿದೆ? ತಯಾರಿಸಿದವರು ಯಾರು, ಮಾರುತ್ತಿರುವವರು ಯಾರು? ಪದಾರ್ಥಗಳ ಪಟ್ಟಿ ಹೇಗೆ ಬರೆದಿದ್ದಾರೆ? ಇನ್ನೊಂದು, ಅಮ್ಮ ಎಷ್ಟು ದಿನದಿಂದ ತಿನ್ನುತ್ತಿದ್ದಾರೆ?

ಪ್ರಶ್ನೆ ಕೇಳಿದವರು: ನೋಡಿದೆ ಸರ್. 'ಆಯುರ್ವೇದಿಕ್ ಮೆಡಿಸಿನ್' ಅಂತ ಎಲ್ಲೂ ಇಲ್ಲ. 'ಹರ್ಬಲ್ ಸಪ್ಲಿಮೆಂಟ್' ಅಂತ ಸಣ್ಣ ಅಕ್ಷರದಲ್ಲಿದೆ. ತಯಾರಿಕಾ ಲೈಸೆನ್ಸ್ ಇಲ್ಲ. ಮಾರುವವರದು ಬೆಂಗಳೂರಿನ ವಿಳಾಸ. ತಯಾರಿಸಿದವರದು ಬೇರೆ ರಾಜ್ಯದ ಯಾವುದೋ ಫುಡ್ಸ್ ಅಂತಿದೆ. ಪದಾರ್ಥ: 'ಗುಗ್ಗುಲು, ಶಲ್ಲಕಿ, ಅಶ್ವಗಂಧ, ಶುಂಠಿ ಮತ್ತು 21 ಅಪರೂಪದ ಗಿಡಮೂಲಿಕೆಗಳು'. ಅಷ್ಟೇ. ತಿನ್ನಲು ಶುರು ಮಾಡಿ ಒಂದು ತಿಂಗಳ ಮೇಲಾಯಿತು. ಹೊಟ್ಟೆ ಚೆನ್ನಾಗಿ ಹಸಿಯುತ್ತದೆ, ಮೈ ಕೈ ತುಂಬಿಕೊಂಡಿದ್ದೀನಿ ಅಂತ ಅವರೇ ಹೇಳುತ್ತಾರೆ.

ಲ್ಯಾಬಿನವರು: ಕೊನೆಯ ಮಾತಿನಿಂದ ಶುರು ಮಾಡುತ್ತೇನೆ, ಅದೇ ಮುಖ್ಯ. ಗುಗ್ಗುಲು, ಶಲ್ಲಕಿ ಎರಡೂ ನಿಧಾನದ ಔಷಧಿಗಳು. ವಾರಗಟ್ಟಲೆ ತೆಗೆದುಕೊಂಡ ಮೇಲೆ ಕೆಲವರಿಗೆ ಸ್ವಲ್ಪ ಹಗುರ ಅನ್ನಿಸುತ್ತದೆ. ಎರಡು ಮೂರು ದಿನಕ್ಕೆ ಮಂಡಿ ನೋವು ಮಾಯವಾಯಿತು, ಹಸಿವು ಹೆಚ್ಚಾಯಿತು, ಮೈ ಕೈ ತುಂಬಿಕೊಂಡಿತು ಅಂದರೆ ನನಗೆ ಮೊದಲು ಬರೋ ಅನುಮಾನ ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್ ಮಾತ್ರೆ ತುಂಬಾ ಅಗ್ಗ. ದಿನದ ಪುಡಿಗೆ ಒಂದೆರಡು ಮಿಲಿಗ್ರಾಂ ಬೆರೆಸಿದರೂ ಸಾಕು, ಬಣ್ಣ ರುಚಿ ಏನೂ ಬದಲಾಗಲ್ಲ. ಕೀಲು ನೋವು, ದಮ್ಮು, ಚರ್ಮದ ಕಾಯಿಲೆಯ ಪುಡಿಗಳಲ್ಲಿ ಈ ಮೋಸ ಹಳೆಯದು.

ಇದು ಅನುಮಾನ ಮಾತ್ರ. ಲೇಬಲ್ ನೋಡಿ ಹೌದು ಅಂತ ಹೇಳಲಾಗಲ್ಲ. ಆದರೆ ಪುಡಿಯನ್ನು ಇವತ್ತೇ ಎಸೆಯಬೇಡಿ, ತಟ್ಟನೆ ನಿಲ್ಲಿಸಲೂ ಬೇಡಿ. ವಾರಗಟ್ಟಲೆ ಸ್ಟೀರಾಯ್ಡ್ ಒಳಗೆ ಹೋಗುತ್ತಿದ್ದರೆ ದೇಹ ತನ್ನದೇ ಸ್ಟೀರಾಯ್ಡ್ ಮಾಡೋದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ನಿಂತರೆ ಸುಸ್ತು, ವಾಂತಿ, ಬಿಪಿ ಬೀಳೋದು ಆಗಬಹುದು. ನಾಳೆಯೇ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ, ಶುಗರ್ ಮತ್ತು ಬಿಪಿ ನೋಡಿಸಿ. ಹೇಗೆ ಬಿಡಿಸಬೇಕು ಅಂತ ಅವರೇ ಹೇಳಲಿ.

ಈಗ ಪಟ್ಟಿಗೆ ಬರೋಣ. ಸರಿಯಾದ ಲೇಬಲ್‌ನಲ್ಲಿ ಪ್ರತಿ ಗಿಡದ ಲ್ಯಾಟಿನ್ ಹೆಸರು, ಅದರ ಯಾವ ಭಾಗ, ಎಷ್ಟು ಪ್ರಮಾಣ ಅಂತ ಇರಬೇಕು. 'ಅಶ್ವಗಂಧ, ವಿಥೇನಿಯಾ ಸೋಮ್ನಿಫೆರಾ, ಬೇರು, 500 ಮಿಲಿಗ್ರಾಂ' ಅನ್ನೋ ಹಾಗೆ. ಭಾಗ ಯಾಕೆ ಅಂದರೆ ಮೋಸ ನಡೆಯೋದು ಅಲ್ಲೇ. ಅಶ್ವಗಂಧದ ಬೇರು ದುಬಾರಿ, ಎಲೆ ಅಗ್ಗ. ಗುಗ್ಗುಲು ಮರದ ಅಂಟು, ಅದರ ಮುಂದೆ 'ಬೇರು' ಅಂತ ಬರೆದಿದ್ದರೆ ಬರೆದವನಿಗೇ ಗೊತ್ತಿಲ್ಲ ಅಂತ ಅರ್ಥ. ಪ್ರಮಾಣ ಇದ್ದರೆ ಕೂಡಿಸಿ ನೋಡಿ. ಹಿಂದೆ ನನ್ನ ಕೈಗೆ ಬಂದ ಒಂದು ಡಬ್ಬಿಯಲ್ಲಿ '5 ಗ್ರಾಂನಲ್ಲಿ' ಅಂತ ಶುರುವಾಗಿ ಎಲ್ಲ ಸೇರಿಸಿದರೆ 2 ಗ್ರಾಂ ಕೂಡ ಆಗುತ್ತಿರಲಿಲ್ಲ. ಉಳಿದ ಮೂರು ಗ್ರಾಂ ಏನು? ಹೇಳಿರಲಿಲ್ಲ. ಜಾಗ ಸಾಲದಿದ್ದರೆ ಒಳಗೆ ಚೀಟಿ ಹಾಕಬಹುದು, ಹಾಗಂತ ಹೊರಗೆ ಬರೆದಿರಬೇಕು. '21 ಅಪರೂಪದ ಗಿಡಮೂಲಿಕೆ' ಅನ್ನೋದು ಪಟ್ಟಿಯೇ ಅಲ್ಲ.

ಜಿಎಂಪಿ ಅಂದರೆ ಔಷಧಿ ತಯಾರಿಕೆಯ ಒಳ್ಳೆಯ ಪದ್ಧತಿ; ಆ ಮುದ್ರೆ ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು, ಲೈಸೆನ್ಸ್ ನಂಬರ್ ಜೊತೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ. ಐಎಸ್‌ಒ ಅಂದರೆ ಆಫೀಸಿನ ವ್ಯವಸ್ಥೆಗೆ ಕೊಟ್ಟದ್ದು, ಪುಡಿಗಲ್ಲ.

ಶಿರಸಿ ಕಡೆಯ ಗ್ರಂದಿಗೆ ಅಂಗಡಿಯವರು: ಸಾಹೇಬರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಲೇಬಲ್ ಪೂರ್ತಿ ಸರಿಯಾಗಿದ್ದೂ ಒಳಗೆ ಬೇರೆಯೇ ಇರಬಹುದು. ಅಶೋಕಾರಿಷ್ಟ ತೆಗೆದುಕೊಳ್ಳಿ. ಬೇಕಾದದ್ದು ಸರಾಕಾ ಅಶೋಕ, ಕಿತ್ತಳೆ ಬಣ್ಣದ ಹೂಗೊಂಚಲು ಬಿಡುವ ನಮ್ಮ ಘಟ್ಟದ ಮರ. ತೊಗಟೆ ಸುಲಿದು ಸುಲಿದು ಕಾಡಲ್ಲಿ ಅಪರೂಪವಾಗಿದೆ. ಪೇಟೆಗೆ ಬರೋ ಮೂಟೆಯಲ್ಲಿ ಎಷ್ಟೋ ಸಲ ಇರೋದು ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆಸುತ್ತಾರಲ್ಲ, ಆ ಮರದ ತೊಗಟೆ. ಅದನ್ನೂ ಅಶೋಕ ಅಂತಲೇ ಕರೀತಾರೆ, ಜಾತಿ ಬೇರೆ. ತೊಗಟೆ ಕೈಯಲ್ಲಿದ್ದರೆ ನಾನು ಮುರಿದು, ಮೂಸಿ, ಅಗಿದು ಹೇಳಬಲ್ಲೆ. ಅರಿಷ್ಟವಾಗಿ ಬಾಟಲಿಗೆ ಇಳಿದ ಮೇಲೆ ನನ್ನಪ್ಪನಿಗೂ ಹೇಳೋಕಾಗ್ತಿರಲಿಲ್ಲ.

ಹಾಗಾಗಿ ಕಂಪನಿ ನೋಡಬೇಕು. ಜಾಹೀರಾತು ಎಷ್ಟು ಅಂತಲ್ಲ, ಸರಕು ಎಲ್ಲಿಂದ ತರುತ್ತಾರೆ ಅಂತ. ನಮ್ಮಲ್ಲಿ ಬಂದು ಮೂಟೆ ಬಿಚ್ಚಿಸಿ ನೋಡಿ, ಸ್ಯಾಂಪಲ್ ಒಯ್ದು, ಸರಿ ಇಲ್ಲ ಅಂತ ವಾಪಸ್ ಕಳಿಸುವ ಕಂಪನಿಗಳಿವೆ. ಫೋನಲ್ಲೇ 'ಕಮ್ಮಿ ರೇಟಿಂದು ಕಳಿಸಿ' ಅನ್ನೋರೂ ಇದ್ದಾರೆ. ಇಬ್ಬರ ಬಾಟಲಿ ಮೇಲೂ ಅದೇ ಹೆಸರು!

ಹಾಸನದವರು: ಹಾಗಾದರೆ ಯಾವ ಕಂಪನಿ ಒಳ್ಳೆಯದು ಅಂತ ಹೇಳಿಬಿಡಿ ಅಲ್ವಾ? ನನಗೆ ಕೂದಲು ತುಂಬಾ ಉದುರುತ್ತದೆ, ಭೃಂಗರಾಜದ ಎಣ್ಣೆ ಬೇಕಿತ್ತು.

ಅಂಗಡಿಯವರು: ತಂಗಿ, ಇಲ್ಲಿ ಕಂಪನಿ ಹೆಸರು ಹೇಳಲ್ಲ, ನಾಳೆ ನನ್ನ ಅಂಗಡಿಗೇ ತೊಂದರೆ. ಗರುಗದ ಸೊಪ್ಪು ಗದ್ದೆ ಬದುವಲ್ಲೇ ಸಿಗುತ್ತದೆ. ಎಣ್ಣೆ ಮನೆಯಲ್ಲೇ ಕಾಯಿಸಿ.

ನ್ಯೂಜೆರ್ಸಿಯಿಂದ ಒಬ್ಬರು: ನಾನು ಮೊದಲು ಎರಡು ವಿಷಯ ನಂಬಿದ್ದೆ. ಭಸ್ಮ, ಅಂದರೆ ಲೋಹ ಸುಟ್ಟು ಮಾಡಿದ ಪುಡಿ, ಇಲ್ಲದ ಬರೀ ಗಿಡಮೂಲಿಕೆ ಆದರೆ ಸೀಸ, ಪಾದರಸದ ಚಿಂತೆ ಇಲ್ಲ. ಅಮೆರಿಕದಲ್ಲೇ ತಯಾರಾಗಿದ್ದರೆ ಇನ್ನೂ ಸುರಕ್ಷಿತ. 2008ರಲ್ಲಿ ಇಲ್ಲಿನ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಎರಡನ್ನೂ ಸುಳ್ಳು ಮಾಡಿತು. ಇಂಟರ್ನೆಟ್‌ನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನ ಪರೀಕ್ಷಿಸಿದರು. ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಸ್ಮ, ಪಾದರಸ ಇಂಥವು ಸೇರಿಸಿ ಮಾಡುವ ರಸೌಷಧಿಗಳಲ್ಲಿ ಸುಮಾರು 41%, ಭಸ್ಮ ಇಲ್ಲದವುಗಳಲ್ಲೂ 17%. ಅಮೆರಿಕದಲ್ಲಿ ತಯಾರಾದವಕ್ಕೂ ಭಾರತದವಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಇಲ್ಲಿ ಇವೆಲ್ಲ ಸಪ್ಲಿಮೆಂಟ್ ಲೆಕ್ಕ, ಮಾರುಕಟ್ಟೆಗೆ ಬರುವ ಮೊದಲು ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಬೇಕಿಲ್ಲ.

ಲ್ಯಾಬಿನವರು: ಈ ಮಾತು ಬಂದದ್ದು ಒಳ್ಳೆಯದಾಯಿತು. ಮಂಡಿ ನೋವಿಗೆ ಎಲ್ಲರೂ ಕೇಳೋದು ಯೋಗರಾಜ ಗುಗ್ಗುಲು. ಅದರ ಪಕ್ಕದಲ್ಲೇ ಮಹಾಯೋಗರಾಜ ಗುಗ್ಗುಲು ಇರುತ್ತದೆ. 'ಮಹಾ' ಅಂದರೆ ಜಾಸ್ತಿ ಶಕ್ತಿ ಅಂದುಕೊಂಡು ಅದನ್ನೇ ಕೊಳ್ಳುತ್ತಾರೆ. ಅದರಲ್ಲಿ ನಾಗ ಭಸ್ಮ ಇರುತ್ತದೆ, ನಾಗ ಅಂದರೆ ಸೀಸ. ರಸಸಿಂಧೂರವೂ ಇರುತ್ತದೆ, ಅದು ಪಾದರಸದ್ದು. ವೈದ್ಯರು ನೋಡಿ ಕೊಡಬೇಕಾದದ್ದು, ಎಚ್ಚರಿಕೆಯ ಸಾಲು ಲೇಬಲ್ ಮೇಲೆ ಇರುತ್ತದೆ, ಯಾರೂ ಓದಲ್ಲ.

ಗಿಡಮೂಲಿಕೆ ಔಷಧಿಗಳಲ್ಲಿ ಸೀಸಕ್ಕೆ ನಮ್ಮಲ್ಲಿ 10 ಪಿಪಿಎಂ, ಅಂದರೆ ಕಿಲೋಗೆ 10 ಮಿಲಿಗ್ರಾಂ ಮಿತಿ. ಕಂಪನಿಗೆ ಬ್ಯಾಚ್ ನಂಬರ್ ಹೇಳಿ ಪರೀಕ್ಷಾ ವರದಿ ಕೇಳಿ. ಒಳ್ಳೆಯವರು ಕಳಿಸುತ್ತಾರೆ. ಕಂಪನಿ ಯಾವ ತರಹದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ಆದರೆ ವರದಿಯಲ್ಲಿ ಹುಡುಕಿದ್ದು ಮಾತ್ರ ಇರುತ್ತದೆ. ಸೀಸ ಹುಡುಕಿದರೆ ಸೀಸದ ಲೆಕ್ಕ ಬರುತ್ತದೆ. ಸ್ಟೀರಾಯ್ಡ್ ಇದೆಯಾ ಅಂತ ಬೇರೆಯಾಗಿ ಹುಡುಕದಿದ್ದರೆ ಎಲ್ಲ ಸರಿ ಇದೆ ಅಂತಲೇ ಬರುತ್ತದೆ.

ಪ್ರಶ್ನೆ ಕೇಳಿದವರು: ಡಾಕ್ಟರ ಹತ್ತಿರ ಹೋಗಿ ಬಂದೆವು. ಶುಗರ್ ಏರಿದೆ, ಮೊದಲು ಇರಲಿಲ್ಲ. ಅವರೂ ಸ್ಟೀರಾಯ್ಡ್ ಅನುಮಾನವನ್ನೇ ಹೇಳಿ, ರಕ್ತ ಪರೀಕ್ಷೆ ಬರೆದು, ನಿಧಾನವಾಗಿ ಬಿಡಿಸೋ ಕ್ರಮ ಹೇಳಿದ್ದಾರೆ. ಒಡೆಯದ ಇನ್ನೊಂದು ಡಬ್ಬಿ ಇದೆ, ಬಿಲ್ಲೂ ಇದೆ. ಎಲ್ಲಿಗೆ ಕೊಡಬೇಕು? ಅಮ್ಮ ಮಾತ್ರ 'ಇಂಗ್ಲಿಷ್ ಡಾಕ್ಟರಿಗೆ ಆಯುರ್ವೇದ ಕಂಡರೆ ಆಗಲ್ಲ' ಅಂತ ಮುನಿಸಿಕೊಂಡಿದ್ದಾರೆ.

ಲ್ಯಾಬಿನವರು: ಜಿಲ್ಲಾ ಆಯುಷ್ ಕಚೇರಿಗೆ ಲಿಖಿತ ದೂರು ಕೊಡಿ, ಬಿಲ್ಲಿನ ಪ್ರತಿ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಜೊತೆಗೆ. ಆಹಾರದ ಲೈಸೆನ್ಸ್ ಆದ್ದರಿಂದ ಅವರು ಆಹಾರ ಸುರಕ್ಷತಾ ಅಧಿಕಾರಿಯ ಕಡೆ ಕೈ ತೋರಿಸಬಹುದು. ಇಬ್ಬರಿಗೂ ಕೊಟ್ಟುಬಿಡಿ. ಡಬ್ಬಿ ಒಡೆಯಬೇಡಿ.

ಕೊಪ್ಪದವರು: ನಮ್ಮೂರ ಪಂಡಿತರು ಕಾಗದದಲ್ಲಿ ಕಟ್ಟಿ ಕೊಡುವ ಪುಡಿಗೆ ಲೈಸೆನ್ಸೂ ಇಲ್ಲ, ಲೇಬಲ್ಲೂ ಇಲ್ಲ. ನೀವು ಹೇಳೋದು ನೋಡಿದರೆ ಅದೂ ನಕಲಿಯೇ?

ಲ್ಯಾಬಿನವರು: ವೈದ್ಯರು ತಮ್ಮದೇ ರೋಗಿಗೆ ತಾವೇ ತಯಾರಿಸಿ ಕೊಟ್ಟರೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಅದನ್ನೇ ಡಬ್ಬಿಗೆ ತುಂಬಿ ಊರೂರಿಗೆ ಕೊರಿಯರ್ ಮಾಡಿದರೆ ಲೈಸೆನ್ಸ್ ಬೇಕು. ಆದರೂ ನನ್ನ ಕೇಳಿದರೆ ಆ ಪೊಟ್ಟಣದಲ್ಲಿ ಏನಿದೆ ಅಂತ ಬರೆಸಿಕೊಳ್ಳಿ.

ಅಂಗಡಿಯವರು: ಇದೊಂದು ಒಪ್ಪಲ್ಲ ಸಾಹೇಬರೇ. ಪಂಡಿತರು ನಾಲ್ಕು ತಲೆಮಾರಿಂದ ಅದೇ ಊರಲ್ಲಿದ್ದಾರೆ, ತಪ್ಪಿದರೆ ಜನ ಮನೆ ಬಾಗಿಲಿಗೇ ಹೋಗ್ತಾರೆ. ಆ ಕೊರಿಯರ್ ಕಂಪನಿಯ ಬಾಗಿಲು ಎಲ್ಲಿದೆ?

ಕೊಪ್ಪದವರು: ಕೇಳಿದೆ ಸರ್. 'ಬರೆದುಕೊಟ್ಟರೆ ನಾಳೆ ನೀನೇ ಅರೆದುಕೊಳ್ತೀಯ' ಅಂದರು.